ಪುಟಗಳು ತೆರೆಯುತ್ತವೆ, ವೀಡಿಯೊ ಕರೆ ಮಾತ್ರ ನಿಲ್ಲುತ್ತದೆ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಪತ್ರಿಕೆಗಳ ಜಾಲತಾಣ ತೆರೆಯುತ್ತದೆ, ಬ್ಯಾಂಕಿನ ಕೆಲಸ ಮುಗಿಯುತ್ತದೆ, ಯೂಟ್ಯೂಬ್ ಕೂಡ ತಡೆಯಿಲ್ಲದೆ ಓಡುತ್ತದೆ. ಆದರೆ ವೀಡಿಯೊ ಕರೆಗೆ ಸೇರಿದ ಕೂಡಲೇ ಎದುರಿನವರ ಮುಖ ಕಾಣುವುದಿಲ್ಲ, ಇಲ್ಲವೇ ನಮ್ಮ ಮಾತು ಅವರಿಗೆ ತುಂಡುತುಂಡಾಗಿ ಕೇಳುತ್ತದೆ. ಇದಕ್ಕೆ ಕಾರಣವೇನೆಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಮತ್ತು ಒಂದೊಂದರ ಫಲಿತಾಂಶವನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗೂಗಲ್ ಮೀಟ್‌ನಂತೆ ಬ್ರೌಸರ್‌ನಲ್ಲಿಯೇ ನಡೆಯುವ ಕರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಝೂಮ್, ಟೀಮ್ಸ್ ಬಳಸುವವರಿಗೂ ಇದೇ ತರ್ಕ ಅನ್ವಯಿಸುತ್ತದೆ, ಪೋರ್ಟ್ ಸಂಖ್ಯೆಗಳು ಮಾತ್ರ ಬೇರೆ.

ಕಾರಣಗಳು ಸಾಮಾನ್ಯವಾಗಿ ಮೂರು. ಮೊದಲನೆಯದು, ದಾರಿಯಲ್ಲಿರುವ ಫೈರ್‌ವಾಲ್ ಕರೆಯ ದತ್ತಾಂಶವನ್ನು ತಡೆಯುವುದು. ಫೈರ್‌ವಾಲ್ ಎಂದರೆ ಯಾವ ದತ್ತಾಂಶ ಒಳಗೆ ಬರಬಹುದು, ಯಾವುದು ಹೊರಗೆ ಹೋಗಬಹುದು ಎಂದು ನಿಯಮಗಳ ಪ್ರಕಾರ ನಿರ್ಧರಿಸುವ ಕಾವಲು. ಎರಡನೆಯದು, ತಲುಪಬೇಕಾದ ಸರ್ವರ್‌ನಲ್ಲಿ ಪೋರ್ಟ್ ಮುಚ್ಚಿರುವುದು. ಪೋರ್ಟ್ ಎಂದರೆ ಒಂದೇ ಯಂತ್ರದಲ್ಲಿ ಬೇರೆ ಬೇರೆ ಸೇವೆಗಳಿಗೆ ಇರುವ ಸಂಖ್ಯೆಯುಳ್ಳ ಬಾಗಿಲು. ಅದು ಮುಚ್ಚಿದೆ ಎಂದರೆ ಆ ಬಾಗಿಲಿನ ಹಿಂದೆ ಕೇಳಿಸಿಕೊಳ್ಳುವ ಸೇವೆ ಯಾವುದೂ ಇಲ್ಲ ಎಂದರ್ಥ. ಮೂರನೆಯದು, ನಿಮ್ಮಿಂದ ಹೊರಗೆ ಹೋಗುವ ವೇಗ, ಅಂದರೆ ಅಪ್‌ಲೋಡ್, ಸಾಲದಿರುವುದು. ಈ ಮೂರೂ ಒಂದರ ವೇಷದಲ್ಲಿ ಇನ್ನೊಂದು ಕಾಣಿಸಿಕೊಳ್ಳುತ್ತವೆ. ಫೈರ್‌ವಾಲ್ ತಡೆದಾಗ ಚಿತ್ರ ಮಸುಕಾಗಿ, ಅಪ್‌ಲೋಡ್ ದುರ್ಬಲವಾಗಿದೆ ಎನಿಸಬಹುದು. ಅಪ್‌ಲೋಡ್ ತುಂಬಿಹೋದಾಗ ಕರೆಯೇ ಕಡಿದು, ಯಾರೋ ತಡೆದಿದ್ದಾರೆ ಎನಿಸಬಹುದು. ಆದ್ದರಿಂದ ಲಕ್ಷಣ ನೋಡಿ ಊಹಿಸುವುದಕ್ಕಿಂತ ಅಳತೆ ಮಾಡುವುದೇ ಸರಿಯಾದ ದಾರಿ.

ಪುಟ ತೆರೆಯುವುದು ಏನನ್ನು ಸಾಬೀತು ಮಾಡುತ್ತದೆ?

ತುಂಬಾ ಕಡಿಮೆ. ಜಾಲಪುಟಗಳು ಬಹುಪಾಲು ಟಿಸಿಪಿ ಎಂಬ ವಿಧಾನದಲ್ಲಿ 443ನೇ ಪೋರ್ಟ್ ಮೂಲಕ ಬರುತ್ತವೆ. ಟಿಸಿಪಿಯಲ್ಲಿ ಕಳುಹಿಸಿದ ಪ್ರತಿ ತುಣುಕಿಗೂ ರಸೀದಿ ಇರುತ್ತದೆ; ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಅದನ್ನು ಮತ್ತೆ ಕಳುಹಿಸಲಾಗುತ್ತದೆ, ಅದು ಬರುವವರೆಗೂ ಅದರ ಹಿಂದೆ ಬರುವವು ಕಾಯುತ್ತವೆ. ಪುಟವೊಂದು ಅರ್ಧ ಸೆಕೆಂಡು ತಡವಾಗಿ ಬಂದರೆ ನಮಗೆ ತಿಳಿಯುವುದೇ ಇಲ್ಲ. ಅಲ್ಲದೆ ಪುಟವನ್ನು ಕೇಳುವ ಕೋರಿಕೆ ಕೆಲವೇ ಕಿಲೋಬೈಟ್‌ಗಳಷ್ಟು ಚಿಕ್ಕದು. ಅದಕ್ಕೆ ಅಪ್‌ಲೋಡ್ ಬಹುತೇಕ ಬೇಡವೇ ಬೇಡ. ಯೂಟ್ಯೂಬ್ ಕೂಡ ಮುಂದಿನ ಹಲವು ಸೆಕೆಂಡುಗಳ ವೀಡಿಯೊವನ್ನು ಮೊದಲೇ ತರಿಸಿಟ್ಟುಕೊಳ್ಳುವುದರಿಂದ ನಡುವಿನ ತೊಡಕು ಕಾಣಿಸುವುದಿಲ್ಲ.

ವೀಡಿಯೊ ಕರೆಯ ಸ್ವಭಾವವೇ ಬೇರೆ. ಅದು ಸಾಧ್ಯವಾದಾಗಲೆಲ್ಲ ಯುಡಿಪಿ ಎಂಬ ವಿಧಾನವನ್ನು ಆರಿಸಿಕೊಳ್ಳುತ್ತದೆ. ಅಲ್ಲಿ ಟಿಸಿಪಿಯ ರಸೀದಿ ವ್ಯವಸ್ಥೆಯಿಲ್ಲ. ಒಂದು ತುಣುಕು ತಡವಾದರೆ ಅದಕ್ಕಾಗಿ ಉಳಿದವನ್ನೆಲ್ಲ ತಡೆದು ನಿಲ್ಲಿಸಬೇಕಾಗಿಲ್ಲ. ಒಂದು ಸೆಕೆಂಡಿನ ಹಿಂದಿನ ಮಾತು ಈಗ ಬಂದರೆ ಸಂಭಾಷಣೆಗೆ ಪ್ರಯೋಜನವಿಲ್ಲವಾದ್ದರಿಂದ ಈ ಆಯ್ಕೆ ಸರಿಯಾದದ್ದೇ. ಸಂಭಾಷಣೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಮಾತು. ಹೀಗೆ ಕರೆಗೆ ಯುಡಿಪಿಯ ದಾರಿ ಬೇಕು, ನಿರಂತರ ಅಪ್‌ಲೋಡ್ ಬೇಕು, ಕಡಿಮೆ ವಿಳಂಬ ಬೇಕು. ಪುಟ ತೆರೆದದ್ದರಿಂದ ಇವುಗಳಲ್ಲಿ ಒಂದೂ ಇದೆಯೆಂದು ಗೊತ್ತಾಗುವುದಿಲ್ಲ.

ಬೇಕಾಗುವ ಸಲಕರಣೆ

ಕ್ರೋಮ್ ಅಥವಾ ಎಡ್ಜ್ ಬ್ರೌಸರ್ ಇರುವ ಒಂದು ಲ್ಯಾಪ್‌ಟಾಪ್, ಮೊಬೈಲ್ ದತ್ತಾಂಶ ಇರುವ ಒಂದು ಫೋನ್, ಕರೆಯ ಆ ತುದಿಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳುವ ಒಬ್ಬ ಸ್ನೇಹಿತರು, ಫಲಿತಾಂಶ ಬರೆದುಕೊಳ್ಳಲು ಒಂದು ಕಾಗದ. ಕಾಗದವನ್ನು ಅಲಕ್ಷಿಸಬೇಡಿ. ಕಛೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರ ಮುಂದಾಗಲಿ, ಇಂಟರ್ನೆಟ್ ಕಂಪನಿಯ ಸಹಾಯವಾಣಿಯ ಮುಂದಾಗಲಿ, ಸಮಯ ಮತ್ತು ಅಂಕಿ ಬರೆದ ಟಿಪ್ಪಣಿಗೆ ಇರುವ ಬೆಲೆ “ಕರೆ ಸರಿಯಾಗಿ ಬರುತ್ತಿಲ್ಲ” ಎಂಬ ದೂರಿಗೆ ಇರುವುದಿಲ್ಲ.

ಹಂತ 1: ಕರೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ

ಕರೆಯಲ್ಲಿ ಎರಡು ಪ್ರತ್ಯೇಕ ಸಂಪರ್ಕಗಳಿವೆ ಎಂಬುದನ್ನು ನೆನಪಿಡಿ. ಯಾರು ಸೇರಿದರು, ಯಾರು ಬಿಟ್ಟರು, ಯಾರು ಏನು ಟೈಪ್ ಮಾಡಿದರು ಎಂಬ ವ್ಯವಹಾರದ ಮಾತುಗಳು ಜಾಲಪುಟದಂತೆಯೇ 443ನೇ ಪೋರ್ಟ್ ಮೂಲಕ ಹೋಗುತ್ತವೆ. ಧ್ವನಿ ಮತ್ತು ಚಿತ್ರ ಬೇರೆ ದಾರಿಯಲ್ಲಿ ಹೋಗುತ್ತವೆ. ಸಭೆಗೆ ಸೇರಿದ್ದೀರಿ, ಎಲ್ಲರ ಹೆಸರು ಕಾಣುತ್ತಿದೆ, ಟೈಪ್ ಮಾಡಿದ ಸಂದೇಶ ತಲುಪುತ್ತಿದೆ, ಆದರೆ ಮೊದಲ ಕ್ಷಣದಿಂದಲೇ ಯಾರ ಧ್ವನಿಯೂ ಕೇಳುತ್ತಿಲ್ಲ, ಯಾರ ಮುಖವೂ ಕಾಣುತ್ತಿಲ್ಲ ಎಂದಾದರೆ ಎರಡನೆಯ ದಾರಿ ಪೂರ್ತಿಯಾಗಿ ಕಡಿದಿದೆ. ಫೈರ್‌ವಾಲ್ ಅಥವಾ ಮುಚ್ಚಿದ ಪೋರ್ಟ್‌ನ ಮೇಲೆ ಅನುಮಾನ ಬಲವಾಗುತ್ತದೆ. ಆರಂಭ ಚೆನ್ನಾಗಿದ್ದು, ಕೆಲವು ನಿಮಿಷಗಳ ನಂತರ ಕೆಡುವುದಾದರೆ, ಅಥವಾ ಅವರ ಮಾತು ನಿಮಗೆ ಸ್ವಚ್ಛವಾಗಿ ಕೇಳುತ್ತಿದ್ದು ನಿಮ್ಮ ಮಾತು ಮಾತ್ರ ಅವರಿಗೆ ಒಡೆಯುತ್ತಿದ್ದರೆ, ಅಪ್‌ಲೋಡ್ ಕಡೆಗೆ ನೋಡಬೇಕು.

ಇಲ್ಲಿ ಜನ ಎಡವುವ ಜಾಗವೊಂದಿದೆ. ಯುಡಿಪಿ ದಾರಿ ಸಿಗದಿದ್ದರೆ ಮೀಟ್, ಝೂಮ್, ಟೀಮ್ಸ್ ಮೂರೂ ಸೋಲೊಪ್ಪಿಕೊಳ್ಳದೆ ಟಿಸಿಪಿಯ 443ನೇ ಪೋರ್ಟ್ ಮೂಲಕವೇ ಧ್ವನಿ ಮತ್ತು ಚಿತ್ರವನ್ನು ಕಳುಹಿಸಲು ಪ್ರಯತ್ನಿಸುತ್ತವೆ. ಆಗ ಕರೆ ಕೂಡಿಕೊಳ್ಳುತ್ತದೆ, ಆದರೆ ಒಂದು ತುಣುಕು ಕಳೆದಾಗಲೆಲ್ಲ ಅದರ ಹಿಂದೆ ಬರುವವು ಕಾಯಬೇಕಾಗುವುದರಿಂದ ಮಾತು ನಿಂತು, ಆಮೇಲೆ ಒಮ್ಮೆಲೇ ನುಗ್ಗಿ ಬರುತ್ತದೆ. ನೋಡುವವರು ಇದನ್ನು ಅಪ್‌ಲೋಡ್ ಕೊರತೆಯೆಂದು ತಿಳಿದು ಹೆಚ್ಚು ವೇಗದ ಯೋಜನೆಗೆ ಹಣ ಕೊಡುತ್ತಾರೆ. ತೊಂದರೆ ಹಾಗೆಯೇ ಉಳಿಯುತ್ತದೆ. ಹಣ ಕೊಡುವ ಮುನ್ನ ನಾಲ್ಕನೆಯ ಹಂತವನ್ನು ತಪ್ಪದೆ ಮಾಡಿ.

ಹಂತ 2: ಅದೇ ಲ್ಯಾಪ್‌ಟಾಪ್, ಬೇರೆ ಸಂಪರ್ಕ

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಅದೇ ಲ್ಯಾಪ್‌ಟಾಪ್‌ನಿಂದ ಅದೇ ಸ್ನೇಹಿತರಿಗೆ ಕರೆ ಮಾಡಿ. ಹಾಟ್‌ಸ್ಪಾಟ್‌ನಲ್ಲಿಯೂ ಅದೇ ತೊಂದರೆ ಬಂದರೆ ದೋಷ ಬಹುಶಃ ಯಂತ್ರದಲ್ಲಿದೆ. ಆಗ ಕಛೇರಿಯ ವಿಪಿಎನ್ ಚಾಲೂ ಇದೆಯೇ, ಆಂಟಿವೈರಸ್‌ಗೆ ಅದರದೇ ಫೈರ್‌ವಾಲ್ ಇದೆಯೇ, ಬ್ರೌಸರ್‌ನಲ್ಲಿ ಖಾಸಗಿತನ ಕಾಯುವ ಹೆಸರಿನಲ್ಲಿ ಯುಡಿಪಿಯನ್ನೇ ತಡೆಯುವ ವಿಸ್ತರಣೆ ಕುಳಿತಿದೆಯೇ ಎಂದು ನೋಡಿ, ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿ. ವಿಂಡೋಸ್‌ನ ಸ್ವಂತ ಫೈರ್‌ವಾಲ್ ಮೂಲ ಸ್ಥಿತಿಯಲ್ಲಿ ಹೊರಹೋಗುವ ದತ್ತಾಂಶವನ್ನು ತಡೆಯುವುದಿಲ್ಲ. ಅದನ್ನು ಪೂರ್ತಿ ಆಫ್ ಮಾಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಸಾಮಾನ್ಯವಾಗಿ ಅದರಿಂದ ಯಂತ್ರದ ರಕ್ಷಣೆ ಹೋಗುತ್ತದೆಯೇ ಹೊರತು ಕರೆ ಸರಿಯಾಗುವುದಿಲ್ಲ.

ಹಾಟ್‌ಸ್ಪಾಟ್‌ನಲ್ಲಿ ಕರೆ ಸರಿಯಾಗಿ ನಡೆದರೆ ಯಂತ್ರ ನಿರ್ದೋಷಿ. ಆದರೆ ಅಷ್ಟರಿಂದಲೇ “ಮನೆಯ ಸಂಪರ್ಕದಲ್ಲಿ ಫೈರ್‌ವಾಲ್ ತಡೆಯುತ್ತಿದೆ” ಎಂದು ತೀರ್ಮಾನಿಸುವಂತಿಲ್ಲ. ಸಂಪರ್ಕ ಬದಲಾದಾಗ ಫೈರ್‌ವಾಲ್ ಮಾತ್ರವಲ್ಲ, ಅಪ್‌ಲೋಡ್ ವೇಗವೂ ಬದಲಾಗಿದೆ. ಎರಡರಲ್ಲಿ ಯಾವುದೆಂದು ಮುಂದಿನ ಹಂತಗಳು ಹೇಳಬೇಕು. ಈಗ ಮತ್ತೆ ಮೂಲ ಸಂಪರ್ಕಕ್ಕೆ ಮರಳಿ.

ಹಂತ 3: ಯುಡಿಪಿ ಹೊರಗೆ ಹೋಗಿ ಮರಳುತ್ತದೆಯೇ?

ಇದಕ್ಕೆ ಸ್ಟನ್ ಎಂಬ ಸರಳ ವ್ಯವಸ್ಥೆ ನೆರವಾಗುತ್ತದೆ. ನಿಮ್ಮ ಬ್ರೌಸರ್ ಒಂದು ಚಿಕ್ಕ ಯುಡಿಪಿ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ಪೊಟ್ಟಣವನ್ನು, ಸ್ಟನ್ ಸರ್ವರ್‌ಗೆ ಕಳುಹಿಸುತ್ತದೆ. ಸರ್ವರ್ “ನೀನು ನನಗೆ ಈ ವಿಳಾಸದಿಂದ, ಈ ಪೋರ್ಟ್‌ನಿಂದ ಬಂದಂತೆ ಕಾಣುತ್ತೀಯೆ” ಎಂದು ಉತ್ತರಿಸುತ್ತದೆ. ಉತ್ತರ ಬಂದರೆ ಯುಡಿಪಿಯ ದಾರಿ ಎರಡೂ ದಿಕ್ಕಿನಲ್ಲಿ ತೆರೆದಿದೆ. ಕರೆಗಳು ಶುರುವಾಗುವಾಗ ಬಳಸುವ ವಿಧಾನವೇ ಇದಾದ್ದರಿಂದ ಈ ಪರೀಕ್ಷೆ ಕರೆಯ ಸ್ಥಿತಿಗೆ ಹತ್ತಿರವಾಗಿದೆ.

ಬ್ರೌಸರ್‌ನಲ್ಲಿ ಈ ವಿಳಾಸ ತೆರೆಯಿರಿ:

```
https://webrtc.github.io/samples/src/content/peerconnection/trickle-ice/
```

ಪುಟದಲ್ಲಿ ಒಂದು ಸ್ಟನ್ ಸರ್ವರ್ ಮೊದಲೇ ಇರುತ್ತದೆ; ಅದು 19302ನೇ ಪೋರ್ಟ್‌ನದು. ಕರೆಗಳು ಹೆಚ್ಚಾಗಿ ಬಳಸುವುದು 3478 ಆದ್ದರಿಂದ ಅದನ್ನು ತೆಗೆದು, ಕೆಳಗಿನದನ್ನು ಸೇರಿಸಿ:

```
stun:stun.cloudflare.com:3478
```

ನಂತರ Gather candidates ಎಂಬ ಗುಂಡಿಯನ್ನು ಒತ್ತಿ. ಕೆಳಗೆ ಸಾಲುಗಳು ಮೂಡುತ್ತವೆ. host ಎಂದಿರುವ ಸಾಲು ನಿಮ್ಮ ಯಂತ್ರದ್ದೇ ವಿಳಾಸ. ಅದಕ್ಕೆ ಇಲ್ಲಿ ಮಹತ್ವವಿಲ್ಲ. srflx ಎಂದಿರುವ ಸಾಲು ಬಂದರೆ ಸ್ಟನ್ ಸರ್ವರ್‌ನಿಂದ ಉತ್ತರ ಬಂದಿದೆ. host ಮಾತ್ರ ಬಂದು, ಸ್ವಲ್ಪ ಹೊತ್ತಿನ ನಂತರ 701 ಎಂಬ ದೋಷಸಂಖ್ಯೆಯೊಡನೆ ಪರೀಕ್ಷೆ ಮುಗಿದರೆ ಉತ್ತರ ಬಂದಿಲ್ಲ. srflx ಸಾಲೂ ಇದ್ದು 701 ಕೂಡ ಕಂಡರೆ ಗಾಬರಿಯಾಗಬೇಡಿ. ಐಪಿವಿ6 ದಾರಿ ಇಲ್ಲದ ಸಂಪರ್ಕಗಳಲ್ಲಿ ಆ ಸಂದೇಶ ಸುಮ್ಮನೆ ಬರುವುದುಂಟು.

ಇದೇ ಪರೀಕ್ಷೆಯನ್ನು ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ಮಾಡಿ. ಹಾಟ್‌ಸ್ಪಾಟ್‌ನಲ್ಲಿ srflx ಬಂದು, ಕಛೇರಿ, ಹಾಸ್ಟೆಲ್ ಅಥವಾ ಮನೆಯ ವೈಫೈಯಲ್ಲಿ ಬಾರದಿದ್ದರೆ ಅಲ್ಲಿ ಫೈರ್‌ವಾಲ್ ಯುಡಿಪಿಯನ್ನು ತಡೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಚಿಕ್ಕದೊಂದು ಪ್ಯಾಕೆಟ್ ಹೋಗಿಬರಲು ಅಪ್‌ಲೋಡ್ ವೇಗದ ಕೊರತೆ ಅಡ್ಡಿಯಾಗದು.

ಎರಡು ತಪ್ಪು ಪರೀಕ್ಷೆಗಳಿಂದ ದೂರವಿರಿ. ವಿಂಡೋಸ್‌ನ Test-NetConnection ಆಜ್ಞೆ ಪೋರ್ಟ್ ಪರೀಕ್ಷಿಸುತ್ತದೆ ನಿಜ, ಆದರೆ ಟಿಸಿಪಿ ಪೋರ್ಟನ್ನು ಮಾತ್ರ. ಅದು “ಸರಿ” ಎಂದರೂ ಯುಡಿಪಿಯ ಬಗ್ಗೆ ಏನೂ ಹೇಳಿದಂತಲ್ಲ. ಹಾಗೆಯೇ “ನಿಮ್ಮ ಪೋರ್ಟ್ ತೆರೆದಿದೆಯೇ ನೋಡಿ” ಎನ್ನುವ ಜಾಲತಾಣಗಳು ಹೊರಗಿನಿಂದ ನಿಮ್ಮ ರೂಟರ್‌ನ ಬಾಗಿಲು ತಟ್ಟುತ್ತವೆ. ಕರೆಯಲ್ಲಿ ಆಗುವುದು ಅದರ ತಿರುವುಮುರುವು: ಒಳಗಿನಿಂದ ನೀವೇ ಹೊರಗೆ ಹೋಗುತ್ತೀರಿ, ಉತ್ತರ ಅದೇ ದಾರಿಯಲ್ಲಿ ಮರಳುತ್ತದೆ. ಆ ಜಾಲತಾಣಗಳಲ್ಲಿ ಎಲ್ಲವೂ “ಮುಚ್ಚಿದೆ” ಎಂದು ಬರುವುದು ಆರೋಗ್ಯವಂತ ಮನೆ ಸಂಪರ್ಕದ ಲಕ್ಷಣ. ಅದನ್ನು ನೋಡಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಹೊರಗಿನವರಿಗೆ ಬಾಗಿಲು ತೆರೆದಿಟ್ಟವರನ್ನು ನೋಡಿದ್ದೇನೆ. ಮೀಟ್, ಝೂಮ್, ಟೀಮ್ಸ್ ಕರೆಗಳಿಗೆ ಮನೆಯ ರೂಟರ್‌ನಲ್ಲಿ ಅದರ ಅಗತ್ಯವಿಲ್ಲ.

ಹಂತ 4: ಕರೆ ನಡೆಯುತ್ತಿರುವಾಗಲೇ ಒಳಗೆ ಇಣುಕಿ

ಮೂರನೆಯ ಹಂತ ಸರಿಯಾಗಿ ಬಂದಿದ್ದರೂ ಈ ಹಂತ ಬೇಕು. ಕೆಲವು ಸಂಸ್ಥೆಗಳ ಫೈರ್‌ವಾಲ್‌ಗಳು ಚಿಕ್ಕ ಸ್ಟನ್ ಪ್ಯಾಕೆಟ್ಟನ್ನು ಬಿಟ್ಟು, ಆಮೇಲೆ ಬರುವ ಧ್ವನಿ ಮತ್ತು ಚಿತ್ರದ ಹರಿವನ್ನು ಗುರುತಿಸಿ ತಡೆಯುತ್ತವೆ. ಕ್ರೋಮ್‌ನಲ್ಲಿ ಕರೆಗೆ ಸೇರುವ ಮುನ್ನ ಇನ್ನೊಂದು ಟ್ಯಾಬ್‌ನಲ್ಲಿ ಇದನ್ನು ತೆರೆದಿಡಿ (ಎಡ್ಜ್‌ನಲ್ಲಿ chrome ಬದಲು edge ಎಂದು ಟೈಪ್ ಮಾಡಿ):

```
chrome://webrtc-internals
```

ಕರೆ ಶುರುವಾದ ಮೇಲೆ ಇಲ್ಲಿ ಉದ್ದನೆಯ ಪಟ್ಟಿ ಬೆಳೆಯುತ್ತದೆ. ಅಷ್ಟನ್ನೂ ಓದಬೇಕಾಗಿಲ್ಲ, ನಾಲ್ಕು ವಿಷಯ ಸಾಕು.

ಮೊದಲು ICE connection state ನೋಡಿ. ಅದು checking ನಿಂದ connected ಗೆ ಹೋಗಬೇಕು. checking ನಲ್ಲಿಯೇ ನಿಂತು failed ಆದರೆ ಧ್ವನಿಚಿತ್ರದ ದಾರಿ ಸಿಗಲೇ ಇಲ್ಲ. ಇದು ತಡೆಯ ಪ್ರಕರಣ, ಅಪ್‌ಲೋಡ್‌ನದಲ್ಲ.

connected ಆಗಿದ್ದರೆ ಬಳಕೆಯಲ್ಲಿರುವ candidate-pair ನ ವಿವರದಲ್ಲಿ ಎದುರು ತುದಿಯ ಪೋರ್ಟ್ ಮತ್ತು protocol ನೋಡಿ. ಮೀಟ್‌ನಲ್ಲಿ udp ಮತ್ತು 3478 ಅಥವಾ 19305 ಎಂದಿದ್ದರೆ ದಾರಿ ಸರಿಯಾಗಿದೆ. tcp ಮತ್ತು 443 ಎಂದಿದ್ದರೆ, ಕರೆ ಯುಡಿಪಿಯಲ್ಲಿ ಸೋತು ಬದಲಿ ದಾರಿ ಹಿಡಿದಿದೆ. ಮೊದಲ ಹಂತದಲ್ಲಿ ಎಚ್ಚರಿಸಿದ ವೇಷ ಕಳಚುವುದು ಇಲ್ಲಿಯೇ.

ಮೂರನೆಯದು, outbound-rtp ಎಂಬ ಗುಂಪಿನಲ್ಲಿ ವೀಡಿಯೊಗೆ ಸಂಬಂಧಿಸಿದ ಸಾಲಿನೊಳಗೆ qualityLimitationReason. ಚಿತ್ರದ ಗುಣಮಟ್ಟವನ್ನು ಬ್ರೌಸರ್ ಏಕೆ ಇಳಿಸಿದೆ ಎಂದು ಅದೇ ಹೇಳುವ ಜಾಗವಿದು. none ಎಂದರೆ ಇಳಿಸಿಲ್ಲ. bandwidth ಎಂದರೆ ಹೊರಗೆ ಕಳುಹಿಸುವ ದಾರಿ ಸಾಲುತ್ತಿಲ್ಲ. cpu ಎಂದರೆ ಲ್ಯಾಪ್‌ಟಾಪ್‌ನ ಸಾಮರ್ಥ್ಯವೇ ಸಾಲುತ್ತಿಲ್ಲ. ಆಗ ನೆಟ್‌ವರ್ಕ್‌ನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ, ಹಿನ್ನೆಲೆ ಮಸುಕು ಮಾಡುವ ಸೌಲಭ್ಯವನ್ನು ನಿಲ್ಲಿಸಿ ನೋಡಿ.

ನಾಲ್ಕನೆಯದು, remote-inbound-rtp ಗುಂಪಿನ roundTripTime. ಇದು ಸೆಕೆಂಡುಗಳಲ್ಲಿದೆ: 0.05 ಎಂದರೆ ಹೋಗಿಬರಲು 50 ಮಿಲಿಸೆಕೆಂಡು. ಇದು 0.3 ದಾಟಿ ಏರುತ್ತಾ ಹೋದರೆ ಐದನೆಯ ಹಂತಕ್ಕೆ ಹೋಗಿ.

ಯುಡಿಪಿ ತಡೆ ಎಂದು ಖಚಿತವಾದರೆ ಮುಂದೇನು? ಮನೆಯಲ್ಲಾದರೆ ರೂಟರ್‌ನ ಪುಟದಲ್ಲಿ ಫೈರ್‌ವಾಲ್ ಮಟ್ಟ ನೋಡಿ. ಇಂಟರ್ನೆಟ್ ಕಂಪನಿಗಳು ಕೊಡುವ ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ High ಎಂಬ ಮಟ್ಟ ಆರಿಸಿದ್ದರೆ ಪುಟಗಳಿಗೆ ಮತ್ತು ಮೇಲ್‌ಗೆ ಬೇಕಾದ ಪೋರ್ಟ್‌ಗಳನ್ನು ಬಿಟ್ಟು ಉಳಿದವು ಹೊರಹೋಗುವುದಿಲ್ಲ. ಒಂದು ಮಟ್ಟ ಇಳಿಸಿ, ಮೂರನೆಯ ಹಂತವನ್ನು ಮತ್ತೆ ಮಾಡಿ. ಕಛೇರಿ ಅಥವಾ ಕಾಲೇಜಿನಲ್ಲಾದರೆ ಆ ನಿಯಮವನ್ನು ನೀವು ಬದಲಿಸಲಾಗದು, ದಾಟಿ ಹೋಗುವ ಉಪಾಯ ಹುಡುಕುವುದೂ ಸರಿಯಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೀಗೆ ಸ್ಪಷ್ಟವಾಗಿ ಬರೆಯಿರಿ: “ಗೂಗಲ್ ಮೀಟ್‌ಗಾಗಿ ಒಳಗಿನಿಂದ ಹೊರಕ್ಕೆ ಯುಡಿಪಿ 3478 ಮತ್ತು 19305ರಿಂದ 19309ರವರೆಗಿನ ಪೋರ್ಟ್‌ಗಳಿಗೆ, ಅವುಗಳ ಉತ್ತರ ಮರಳುವಂತೆ, ಅವಕಾಶ ಬೇಕು. ಈ ದಿನ ಇಷ್ಟು ಗಂಟೆಗೆ ಸ್ಟನ್ ಪರೀಕ್ಷೆಯಲ್ಲಿ ಉತ್ತರ ಬಂದಿಲ್ಲ, ಕರೆ ಟಿಸಿಪಿ 443ರಲ್ಲಿ ನಡೆದಿದೆ.” ಟೀಮ್ಸ್ ಆದರೆ ಯುಡಿಪಿ 3478ರಿಂದ 3481, ಝೂಮ್ ಆದರೆ ಯುಡಿಪಿ 3478, 3479 ಮತ್ತು 8801ರಿಂದ 8810. “ಎಲ್ಲ ಪೋರ್ಟ್ ತೆರೆಯಿರಿ” ಎಂದು ಕೇಳಿದರೆ ಯಾವ ಜವಾಬ್ದಾರಿಯುತ ನಿರ್ವಾಹಕರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹಂತ 5: ಅಪ್‌ಲೋಡ್ ಅಳೆಯುವುದು

ವೇಗ ಪರೀಕ್ಷೆಯ ಜಾಲತಾಣದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಡೌನ್‌ಲೋಡ್. ನಿಮಗೆ ಬೇಕಾದದ್ದು ಅದರ ಪಕ್ಕದ ಅಪ್‌ಲೋಡ್ ಅಂಕಿ. ಝೂಮ್ 720 ಸಾಲುಗಳ ಸ್ಪಷ್ಟತೆಯ ಇಬ್ಬರ ಕರೆಗೆ ಸೆಕೆಂಡಿಗೆ ಸುಮಾರು 1.2 ಮೆಗಾಬಿಟ್, ಅದಕ್ಕಿಂತ ಕಡಿಮೆ ಸ್ಪಷ್ಟತೆಗೆ 600 ಕಿಲೋಬಿಟ್ ಕೇಳುತ್ತದೆ. ಧ್ವನಿಗೆ 100 ಕಿಲೋಬಿಟ್ ಧಾರಾಳ. ಅಂದರೆ 2 ಮೆಗಾಬಿಟ್ ಅಪ್‌ಲೋಡ್ ಇದ್ದರೂ ಒಂದು ಕರೆ ಸರಾಗವಾಗಿ ನಡೆಯಬೇಕು. ಹಾಗಿದ್ದರೂ ನಡೆಯದಿರುವುದು ಏಕೆ ಎಂಬುದೇ ಇಲ್ಲಿನ ಮುಖ್ಯ ವಿಷಯ, ಅದನ್ನು ಒಂದು ಮನೆಯ ಉದಾಹರಣೆಯಿಂದ ನೋಡೋಣ.

ಮಲೆನಾಡಿನ ನನ್ನ ಬಂಧುಗಳ ಮನೆಗೆ ಗೋಪುರದಿಂದ ಬರುವ ನಿಸ್ತಂತು ಬ್ರಾಡ್‌ಬ್ಯಾಂಡ್ ಇತ್ತು: ಡೌನ್‌ಲೋಡ್ 30 ಮೆಗಾಬಿಟ್, ಅಪ್‌ಲೋಡ್ 2 ಮೆಗಾಬಿಟ್. ಬೆಳಗಿನ ಕರೆಗಳು ಚೆನ್ನಾಗಿದ್ದವು. ಸಂಜೆ ಮಾತ್ರ ಎರಡು ಮೂರು ನಿಮಿಷದಲ್ಲಿ ಮಾತು ಒಡೆದು, ಒಮ್ಮೊಮ್ಮೆ ಕರೆಯೇ ಕಡಿದುಹೋಗುತ್ತಿತ್ತು. ಕರೆ ಕಡಿಯುವುದನ್ನು ನೋಡಿ ಕಂಪನಿಯವರೇ ತಡೆಯುತ್ತಿದ್ದಾರೆಂದು ಮನೆಯವರು ನಂಬಿದ್ದರು. ಆದರೆ ಮೂರನೆಯ ಹಂತದಲ್ಲಿ srflx ಬಂತು, ನಾಲ್ಕನೆಯದರಲ್ಲಿ udp ಎಂದೇ ಇತ್ತು. ತಡೆ ಇರಲಿಲ್ಲ. qualityLimitationReason ಮಾತ್ರ bandwidth ಎಂದು ತೋರಿಸುತ್ತಿತ್ತು.

ಆಗ ವಿಂಡೋಸ್‌ನ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳಲ್ಲಿ ಪಿಂಗ್ ಓಡಿಸಿದೆವು. ಪಿಂಗ್ ಎಂದರೆ ಚಿಕ್ಕ ಪ್ಯಾಕೆಟ್ ಕಳುಹಿಸಿ, ಅದು ಮರಳಲು ಎಷ್ಟು ಹೊತ್ತಾಯಿತೆಂದು ಅಳೆಯುವ ಆಜ್ಞೆ. ಮೊದಲನೆಯದು ಮನೆಯ ರೂಟರ್‌ವರೆಗೆ, ಎರಡನೆಯದು ಹೊರಗಿನ ಒಂದು ಸರ್ವರ್‌ವರೆಗೆ:

```
ping -t 192.168.1.1
ping -t 8.8.8.8
```

ರೂಟರ್‌ನ ವಿಳಾಸ ನಿಮ್ಮಲ್ಲಿ ಬೇರೆ ಇರಬಹುದು. Ipconfig ಆಜ್ಞೆಯಲ್ಲಿ Default Gateway ಎಂಬ ಸಾಲಿನಲ್ಲಿ ಅದು ಸಿಗುತ್ತದೆ. ಸಂಜೆ ಕರೆ ಕೆಟ್ಟಾಗ ರೂಟರ್‌ವರೆಗಿನ ಪಿಂಗ್ 3 ಮಿಲಿಸೆಕೆಂಡಿನಲ್ಲಿಯೇ ಇತ್ತು. ಹೊರಗಿನದು 35ರಿಂದ 900ಕ್ಕೆ, ಕೆಲವೊಮ್ಮೆ 1000ಕ್ಕೂ ಮೇಲೆ ಏರಿತ್ತು. ಮೊದಲನೆಯದೂ ಏರಿದ್ದರೆ ವೈಫೈ ದುರ್ಬಲ ಎಂದು ತಿಳಿದು, ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಹಾಕಿ ನೋಡಬೇಕಿತ್ತು. ಅದು ಏರದಿದ್ದುದರಿಂದ ಗೋಜಲು ರೂಟರ್‌ನಿಂದ ಹೊರಕ್ಕೆ ಹೋಗುವ ತುದಿಯಲ್ಲಿತ್ತು.

ಕಾರಣ ಸಿಕ್ಕಿದ್ದು ಮನೆಯ ಇನ್ನೊಂದು ಫೋನಿನಲ್ಲಿ. ಹಗಲು ತೆಗೆದ ಫೋಟೊಗಳು ಸಂಜೆ ಫೋನ್ ಮನೆಯ ವೈಫೈಗೆ ಸೇರಿದ ಕೂಡಲೇ ತಾವಾಗಿ ಬ್ಯಾಕಪ್ ಆಗುತ್ತಿದ್ದವು. ಲೆಕ್ಕ ಹಾಕಿ ನೋಡಿ: ಒಂದು ಫೋಟೊ 4 ಮೆಗಾಬೈಟ್, ಅಂದರೆ 32 ಮೆಗಾಬಿಟ್, 2 ಮೆಗಾಬಿಟ್ ದಾರಿಯಲ್ಲಿ ಅದಕ್ಕೆ 16 ಸೆಕೆಂಡು ಬೇಕು. ಐವತ್ತು ಫೋಟೊಗಳಿಗೆ 800 ಸೆಕೆಂಡು, ಹದಿಮೂರು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಹೊರದಾರಿ ತುಂಬಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಕ್ಷಣ ಕಳುಹಿಸಲಾಗದ್ದನ್ನು ರೂಟರ್ ಸಾಲಿನಲ್ಲಿ ನಿಲ್ಲಿಸುತ್ತದೆ. 256 ಕಿಲೋಬೈಟ್‌ನ ಸಾಲು ಖಾಲಿಯಾಗಲು 2 ಮೆಗಾಬಿಟ್ ವೇಗದಲ್ಲಿ ಸುಮಾರು ಒಂದು ಸೆಕೆಂಡು ಬೇಕು. ನಿಮ್ಮ ಮಾತಿನ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ, ಒಂದು ಸೆಕೆಂಡು ತಡವಾಗಿ ತಲುಪುತ್ತದೆ. ಪಿಂಗ್‌ನಲ್ಲಿ ಕಂಡ 1000 ಮಿಲಿಸೆಕೆಂಡು ಇದೇ. ಪುಟ ತೆರೆಯುವವರಿಗೆ ಇದು ಒಂದು ಸೆಕೆಂಡಿನ ತಡ ಅಷ್ಟೆ. ಮಾತಾಡುವವರಿಗೆ ಇದು ಸಂಭಾಷಣೆಯ ಅಂತ್ಯ.

ಬ್ಯಾಕಪ್ಪನ್ನು ರಾತ್ರಿ ಚಾರ್ಜಿಗೆ ಹಾಕಿದಾಗ ಮಾತ್ರ ನಡೆಯುವಂತೆ ಬದಲಿಸಿದ ಮೇಲೆ ಸಂಜೆಯ ಪಿಂಗ್ 40ರ ಸುಮಾರಿಗೆ ಇಳಿಯಿತು. ನಿಮ್ಮಲ್ಲಿ ಅದು ಸಿಸಿಟಿವಿ ಕ್ಯಾಮೆರಾ ಆಗಿರಬಹುದು, ಕ್ಲೌಡ್‌ಗೆ ಹೊಂದಿಸಿದ ಕಡತಕೋಶ ಆಗಿರಬಹುದು. ಯಾವುದೆಂದು ತಿಳಿಯಲು ಮನೆಯ ಸಾಧನಗಳನ್ನು ಒಂದೊಂದಾಗಿ ವೈಫೈಯಿಂದ ಬಿಡಿಸುತ್ತಾ ಪಿಂಗ್ ನೋಡಿ; ಯಾವುದನ್ನು ಬಿಡಿಸಿದಾಗ ಅಂಕಿ ಇಳಿಯುತ್ತದೋ ಅದೇ. ಬಿಡಿಸಲಾಗದ ಸಾಧನವಾದರೆ, ರೂಟರ್‌ನಲ್ಲಿ ಅಪ್‌ಲೋಡ್ ಮಿತಿ ಹಾಕುವ ಸೌಲಭ್ಯವಿದ್ದಲ್ಲಿ ಒಟ್ಟು ಮಿತಿಯನ್ನು ಅಳೆದ ವೇಗದ ಶೇ. 85ರಿಂದ 90ಕ್ಕೆ ಇಡಿ. ಕರೆಯ ಸಾಧನಕ್ಕೆ ಆದ್ಯತೆ ಕೊಡುವ ಅವಕಾಶವಿದ್ದರೆ ಅದನ್ನೂ ಬಳಸಿ. ಸ್ವಲ್ಪ ವೇಗ ಕಳೆದುಕೊಂಡರೂ ಸಾಲು ಬೆಳೆಯದೆ ವಿಳಂಬ ಇಳಿಯುತ್ತದೆ. ಮೀಟ್‌ನ ಸೆಟ್ಟಿಂಗ್ಸ್‌ನಲ್ಲಿ ಕಳುಹಿಸುವ ವೀಡಿಯೊದ ಸ್ಪಷ್ಟತೆಯನ್ನು 360p ಮಾಡುವುದೂ ತಕ್ಷಣದ ಪರಿಹಾರ.

ಇಲ್ಲಿಯೂ ಒಂದು ಎಚ್ಚರಿಕೆ. ಬೆಳಗ್ಗೆ, ಮನೆ ಖಾಲಿಯಿದ್ದಾಗ ಮಾಡಿದ ವೇಗ ಪರೀಕ್ಷೆಗೆ ಅರ್ಥವಿಲ್ಲ. ಕರೆ ಕೆಡುವ ಹೊತ್ತಿನಲ್ಲಿಯೇ ಅಳೆಯಿರಿ. ಕಛೇರಿಯ ಕೆಲವು ನೆಟ್‌ವರ್ಕ್‌ಗಳು ಪಿಂಗ್‌ಗೆ ಬೇಕಾದ ಪ್ಯಾಕೆಟ್ಟನ್ನೇ ತಡೆಯುವುದರಿಂದ, ಅಲ್ಲಿ ಪಿಂಗ್‌ಗೆ ಉತ್ತರ ಬಾರದಿದ್ದರೆ roundTripTime ಅನ್ನೇ ನಂಬಿ.

ಹಂತ 6: ನಿಮ್ಮದೇ ಸರ್ವರ್ ಇದ್ದಾಗ ಮುಚ್ಚಿದ ಪೋರ್ಟ್

ಮೀಟ್, ಝೂಮ್‌ನಂಥ ಸೇವೆಗಳ ಸರ್ವರ್‌ನಲ್ಲಿ ಪೋರ್ಟ್ ಮುಚ್ಚಿರುವುದು ಅಪರೂಪ. ಶಾಲೆ, ಸಂಘ ಅಥವಾ ಸಣ್ಣ ಕಂಪನಿ ಕ್ಲೌಡ್‌ನಲ್ಲಿ ತನ್ನದೇ ಜಿತ್ಸಿ ಮೀಟ್ ಸರ್ವರ್ ಹಾಕಿಕೊಂಡಾಗ ಇದು ಎದುರಾಗುತ್ತದೆ, ಅದರ ಲಕ್ಷಣವೂ ವಿಚಿತ್ರ: ಇಬ್ಬರಿದ್ದಾಗ ಕರೆ ಚೆನ್ನಾಗಿ ನಡೆಯುತ್ತದೆ, ಮೂರನೆಯವರು ಬಂದ ಕೂಡಲೇ ಎಲ್ಲರ ಧ್ವನಿ, ಚಿತ್ರ ಮಾಯವಾಗುತ್ತದೆ. ಜಿತ್ಸಿಯಲ್ಲಿ ಇಬ್ಬರೇ ಇದ್ದರೆ ದತ್ತಾಂಶ ಸಾಧ್ಯವಾದಷ್ಟೂ ನೇರವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ಮೂವರಾದಾಗ ಸರ್ವರ್‌ನಲ್ಲಿರುವ ವೀಡಿಯೊಬ್ರಿಡ್ಜ್ ಮೂಲಕ ಹಂಚಿಕೆಯಾಗುತ್ತದೆ. ಬ್ರಿಡ್ಜ್ ಕೇಳುವುದು ಯುಡಿಪಿ 10000ನೇ ಪೋರ್ಟ್‌ನಲ್ಲಿ. ಪುಟ 443ರಲ್ಲಿ ತೆರೆಯುವುದರಿಂದ ಎಲ್ಲವೂ ಸರಿಯಿದೆಯೆಂದು ಸ್ಥಾಪಿಸಿದವರು ತಿಳಿದಿರುತ್ತಾರೆ.

ಸರ್ವರ್‌ಗೆ ಲಾಗಿನ್ ಆಗಿ, ಮೊದಲು ಆ ಬಾಗಿಲಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕೇಳಿ. ನಂತರ ಮೂವರ ಕರೆ ನಡೆಸುತ್ತಾ, ಅಲ್ಲಿಗೆ ಪ್ಯಾಕೆಟ್ ತಲುಪುತ್ತಿದೆಯೇ ನೋಡಿ:

```
sudo ss -lunp | grep 10000
sudo tcpdump -n udp port 10000
```

ಮೊದಲ ಆಜ್ಞೆ ಏನನ್ನೂ ತೋರಿಸದಿದ್ದರೆ ಬ್ರಿಡ್ಜ್ ಓಡುತ್ತಿಲ್ಲ; ಇದೇ ನಿಜವಾದ ಮುಚ್ಚಿದ ಪೋರ್ಟ್, ಫೈರ್‌ವಾಲ್ ತೆರೆದರೂ ಪ್ರಯೋಜನವಿಲ್ಲ, ಸೇವೆಯನ್ನು ಎಬ್ಬಿಸಬೇಕು. ಬ್ರಿಡ್ಜ್ ಓಡುತ್ತಿದ್ದು ಎರಡನೆಯ ಆಜ್ಞೆಯಲ್ಲಿ ಒಂದೂ ಪ್ಯಾಕೆಟ್ ಕಾಣದಿದ್ದರೆ ದಾರಿಯಲ್ಲಿ ತಡೆಯಿದೆ. ಹೆಚ್ಚಾಗಿ ಅದು ಕ್ಲೌಡ್ ಕಂಪನಿಯ ನಿಯಂತ್ರಣ ಪುಟದಲ್ಲಿರುವ, ಸರ್ವರ್‌ನಿಂದ ಹೊರಗಿರುವ ಫೈರ್‌ವಾಲ್. ಪ್ಯಾಕೆಟ್ ಒಳಬರುವುದು ಕಂಡರೂ ಕರೆ ನಡೆಯದಿದ್ದರೆ ಸರ್ವರ್‌ನೊಳಗಿನ ಫೈರ್‌ವಾಲ್ ನೋಡಿ, ಏಕೆಂದರೆ ಈ ಆಜ್ಞೆ ಆ ಫೈರ್‌ವಾಲ್ ತಡೆಯುವ ಮೊದಲೇ ಒಳಬರುವ ಪ್ಯಾಕೆಟ್ಟನ್ನು ತೋರಿಸಿಬಿಡುತ್ತದೆ. ಉಬುಂಟು ಸರ್ವರ್‌ನಲ್ಲಿ ಅದನ್ನು ತೆರೆಯುವುದು ಹೀಗೆ:

```
sudo ufw allow 10000/udp
```

ಹೊರಗಿನ ಫೈರ್‌ವಾಲ್ ತೆರೆದ ಮೇಲೂ ಪ್ಯಾಕೆಟ್ ಬಾರದಿದ್ದರೆ ನಾಲ್ಕನೆಯ ಹಂತದ ಪುಟಕ್ಕೆ ಮರಳಿ, ಎದುರು ತುದಿಯ ವಿಳಾಸ ಓದಿ. ಅದು 10. ಅಥವಾ 192.168. ಎಂದು ಮಾತ್ರ ಶುರುವಾಗುತ್ತಿದ್ದರೆ, ಸರ್ವರ್ ತನ್ನ ಹೊರಗಿನ ವಿಳಾಸ ತಿಳಿಯದೆ ಒಳಗಿನ ಖಾಸಗಿ ವಿಳಾಸವನ್ನೇ ಹಂಚುತ್ತಿದೆ. ಹೊರಗಿನವರಿಗೆ ಅಲ್ಲಿಗೆ ದಾರಿಯೇ ಇಲ್ಲ. ವೀಡಿಯೊಬ್ರಿಡ್ಜ್‌ನ ಸಂರಚನೆಯಲ್ಲಿ ಸಾರ್ವಜನಿಕ ವಿಳಾಸವನ್ನು ಬರೆದು, ಸೇವೆಯನ್ನು ಮತ್ತೆ ಆರಂಭಿಸಬೇಕು. ಬದಲಾವಣೆಯ ನಂತರದ ಪರೀಕ್ಷೆಯನ್ನು ಮೂರು ಸಾಧನಗಳಿಂದ, ಅವುಗಳಲ್ಲಿ ಒಂದನ್ನಾದರೂ ಮೊಬೈಲ್ ದತ್ತಾಂಶದಲ್ಲಿ ಇಟ್ಟು ಮಾಡಿ. ಎರಡರಿಂದ ಮಾಡಿದರೆ ದೋಷ ಇದ್ದರೂ ಕಾಣಿಸದು.